ತೊಂಬತ್ತು ಸೆಕೆಂಡಿನ ದೊಡ್ಡಮ್ಮ

ಪಿಟೀಲು ಅನ್ನೋದು ಅವಳ ಹೆಸರಲ್ಲ. ಎಳೆಗೂಸಾಗಿದ್ದಾಗ ಅವಳು ಅಳೋಕೆ ಶುರು ಮಾಡಿದರೆ ನಿಲ್ಲಿಸುತ್ತಲೇ ಇರಲಿಲ್ಲವಂತೆ. "ಮತ್ತೆ ಪಿಟೀಲು ಕುಯ್ಯೋಕೆ ಶುರುವಾಯ್ತು" ಅಂತ ದೊಡ್ಡಮ್ಮ ಗೊಣಗಿ ಗೊಣಗಿ ಆ ಹೆಸರೇ ಅಂಟಿಕೊಂಡಿತು. ತಾಯಿ ಹೋದ ಮೇಲೆ ಅಪ್ಪ ಇನ್ನೊಂದು ಸಂಸಾರ ಮಾಡಿಕೊಂಡು ದೂರವಾದ. ಮಗುವನ್ನು ಎತ್ತಿಕೊಂಡು ಬಂದವಳು ತಾಯಿಯ ಅಕ್ಕ, ಈ ದೊಡ್ಡಮ್ಮ. ಮದುವೆ ಆಗಿರಲಿಲ್ಲ, ಆಗುವ ಇರಾದೆಯೂ ಇರಲಿಲ್ಲ. ಬಟ್ಟೆ ಹೊಲಿಯುವ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಕೆಲಸ. ಎಡಚಿಯಾದ್ದರಿಂದ ಅವಳಿಗೆಂದೇ ಬೇರೆ ಕತ್ತರಿ ಇತ್ತು. ಅದನ್ನು ಬೇರೆ ಯಾರು ಹಿಡಿದರೂ ಬಟ್ಟೆ ಕತ್ತರಿಸುತ್ತಿರಲಿಲ್ಲ, ಬರೀ ಜಗಿಯುತ್ತಿತ್ತು.

ಪಿಟೀಲು ಫಿಸಿಯೋಥೆರಪಿ ಮೂರನೇ ವರ್ಷ ಓದುತ್ತಿದ್ದಾಗ ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಎಡಗಡೆ. ಮಾತಿಗೆ ಏನೂ ಆಗಲಿಲ್ಲ. "ಆಗಿದ್ದಿದ್ರೆ ನಿನಗೆ ಸುಖ ಇತ್ತು" ಅಂತ ಆಸ್ಪತ್ರೆಯ ಮಂಚದ ಮೇಲಿಂದಲೇ ದೊಡ್ಡಮ್ಮ ಹೇಳಿದಳು. ಕಾಲು ಎಳೆದುಕೊಂಡು ನಡೆಯುವಷ್ಟಕ್ಕೆ ಬಂತು. ಕೈ ಮಾತ್ರ ಬರಲಿಲ್ಲ. ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿಕೊಂಡು, ಉಳಿದ ಬೆರಳುಗಳು ಅದರ ಮೇಲೆ ಮುಚ್ಚಿಕೊಂಡು, ಏನನ್ನೋ ಬಚ್ಚಿಟ್ಟುಕೊಂಡ ಮಗುವಿನ ಮುಷ್ಟಿಯ ಹಾಗೆ ಉಳಿದುಬಿಟ್ಟಿತು.

"ಮೊದಲು ಯಾವ ಕೆಲಸ ಮಾಡೋ ಹಾಗಾಗ್ಬೇಕು ನಿಂಗೆ?" ಅಂತ ಪಿಟೀಲು ಕೇಳಿದಳು. ರೋಗಿಯನ್ನು ಹಾಗೆ ಕೇಳಬೇಕು ಅಂತ ಕಾಲೇಜಿನಲ್ಲಿ ಕಲಿಸಿದ್ದರು. ತಲೆ ಬಾಚೋದು, ಊಟ ಮಾಡೋದು ಅನ್ನುತ್ತಾಳೆ ಅಂದುಕೊಂಡಿದ್ದಳು.

"ನನ್ನ ಮನೆ ಬಾಗಿಲು ನಾನೇ ತೆಗೀಬೇಕು. ಆಚೆ ಹೋಗಿ ಬಂದು, ಮೇಲಿನ ಮನೆಯವರನ್ನ ಕೂಗಿ, ಸ್ವಲ್ಪ ಬೀಗ ತೆಗೀರಪ್ಪಾ ಅನ್ನೋ ಬಾಳು ನಂಗೆ ಬೇಡ."

ಆ ಬಾಗಿಲು ಹಟಮಾರಿ. ಕೀಲು ಸಡಿಲವಾಗಿ ಜೋತುಬಿದ್ದಿತ್ತು. ಒಂದು ಕೈಯಲ್ಲಿ ಹಿಡಿಕೆ ಹಿಡಿದು ತನ್ನ ಕಡೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಬೀಗದ ಕೈ ತಿರುಗಿಸಬೇಕು. ಎರಡೂ ಕೈ ಬೇಕು, ಬೇರೆ ದಾರಿ ಇಲ್ಲ. ಪಿಟೀಲು ಆ ಒಂದು ಕೆಲಸವನ್ನು ಚೂರು ಚೂರು ಮಾಡಿದಳು. ಮೊದಲು ಹೆಬ್ಬೆರಳನ್ನು ಬುಡದಿಂದ ಹಿಡಿದು ಮೆಲ್ಲಗೆ ಹೊರಗೆ ತರೋದು. ಆಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪು ಒತ್ತೋದು. ಹೆಬ್ಬೆರಳಿಗೂ ತೋರುಬೆರಳ ಪಕ್ಕಕ್ಕೂ ನಡುವೆ ಇಸ್ಪೀಟ್ ಎಲೆ ಸಿಕ್ಕಿಸಿಕೊಂಡು ಬೀಳಿಸದೆ ಇಟ್ಟುಕೊಳ್ಳೋದು. ಅಡಿಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಮುಂಗೈ ಆ ಕಡೆ ಈ ಕಡೆ ತಿರುಗಿಸೋದು. ಅದಾದ ಮೇಲೆ ಮೇಜಿನ ಮೇಲೆ ಒಂದು ಸಣ್ಣ ಬೀಗ. ಕೊನೆಗೆ ಬಾಗಿಲು. ಸಂಜೆ ಸಂಜೆ ಇದೇ. ದೊಡ್ಡಮ್ಮ ಬೈದಳು, ಎಲೆ ಬಿಸಾಡಿದಳು, ಒಮ್ಮೆ ಅತ್ತಳು ಕೂಡ. ಬೇಸಿಗೆಯಲ್ಲಿ ಶುರುವಾದದ್ದು ಚಳಿ ಬರುವ ಹೊತ್ತಿಗೆ ಕೈಗೂಡಿತು. ಬೀಗ ಕಟಕ್ ಅಂದಾಗ ದೊಡ್ಡಮ್ಮ ಒಳಗೆ ಹೋಗಲಿಲ್ಲ. ಮತ್ತೆ ಬೀಗ ಹಾಕಿದಳು, ಮತ್ತೆ ತೆಗೆದಳು. ಮೇಲಿನ ಮನೆಯ ಡ್ರೈವರ್ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ, "ಏನಕ್ಕಾ, ಕಳ್ಳತನ ಕಲೀತಿದ್ದೀರಾ?" ಅಂದ.

ಡಿಗ್ರಿ ಮುಗಿಯಿತು. ಊರಲ್ಲಿ ಕೆಲಸ ಇದ್ದರೂ ಇಲ್ಲದ ಹಾಗೆ. ಜೊತೆಯಲ್ಲಿ ಓದಿದವರೆಲ್ಲ ಹೊರದೇಶದ ಕಡೆ ಮುಖ ಮಾಡಿ ನಿಂತಿದ್ದರು. ಪಿಟೀಲಿನ ಗೆಳತಿ, ತರಗತಿಯಲ್ಲೆಲ್ಲ ಎತ್ತರದವಳಾದ್ದರಿಂದ ಜಿರಾಫೆ ಅಂತ ಕರೆಸಿಕೊಳ್ಳುತ್ತಿದ್ದವಳು, ಕನ್ನಡಕದ ಅಂಗಡಿಯ ಮೇಲಿದ್ದ ಒಂದು ಉದ್ಯೋಗ ಏಜೆನ್ಸಿಗೆ ಅವಳನ್ನು ಕರೆದುಕೊಂಡು ಹೋದಳು. ಹೊರದೇಶದ ಒಂದು ಪುನಶ್ಚೇತನ ಸಂಸ್ಥೆಗೆ ಥೆರಪಿ ಅಸಿಸ್ಟೆಂಟ್‌ಗಳು ಬೇಕಾಗಿದ್ದರು. ಸೇರಿ, ಅಲ್ಲಿನ ನೋಂದಣಿ ಆದ ಮೇಲೆ ಥೆರಪಿಸ್ಟ್ ಆಗಬಹುದು. ಅರ್ಜಿಯ ಜೊತೆ ತೊಂಬತ್ತು ಸೆಕೆಂಡಿನ ವಿಡಿಯೋ ರೆಸ್ಯೂಮೆ ಕಳಿಸಬೇಕು.

ಆ ತೊಂಬತ್ತು ಸೆಕೆಂಡು ಬರೆಸುವವಳು ಏಜೆನ್ಸಿಯ ಸ್ಕ್ರಿಪ್ಟ್ ಮೇಡಂ. ಹಿಂದೆ ರೇಡಿಯೋದಲ್ಲಿ ಸುದ್ದಿ ಓದುತ್ತಿದ್ದವಳು. ದನಿ ಇನ್ನೂ ಹಾಗೇ ಇತ್ತು, ಕೂದಲು ಮಾತ್ರ ಬೆಳ್ಳಗಾಗಿತ್ತು. ಪಿಟೀಲು ಬರೆದುಕೊಂಡು ಹೋಗಿದ್ದನ್ನು ಓದಿ ಮೂಗು ಮುರಿದಳು.

"ಪರಿಶ್ರಮಿ, ಬೇಗ ಕಲೀತೀನಿ, ಎಲ್ಲರ ಜೊತೆ ಹೊಂದ್ಕೋತೀನಿ... ಅಯ್ಯೋ ಮಗಳೇ, ಇದನ್ನ ಕೇಳಿ ಕೇಳಿ ಅವರ ಕಿವಿ ತೂತಾಗಿದೆ. ನೀನು ಪರಿಶ್ರಮಿ ಅಂತ ನೀನೇ ಹೇಳ್ಬೇಡ. ನೀನು ಮಾಡಿದ ಒಂದು ಕೆಲಸ ಹೇಳು, ಅವರೇ ಅಂದ್ಕೋತಾರೆ."

"ನಾನೇನು ಮಾಡಿದೀನಿ ಮೇಡಂ, ಈಗ ತಾನೆ ಓದು ಮುಗೀತು."

"ಯಾರಿಗೂ ಯಾವತ್ತೂ ಒಂದು ಬೆರಳೂ ನೆಟ್ಟಗೆ ಮಾಡಿಲ್ವಾ?"

ಪಿಟೀಲು ದೊಡ್ಡಮ್ಮನ ಕಥೆ ಹೇಳಿದಳು. ಮೇಡಂ ಮೊದಲು ಬರೆದುಕೊಳ್ಳುತ್ತಿದ್ದವಳು ಬರೆಯುವುದನ್ನು ಬಿಟ್ಟು ಕೇಳುತ್ತಾ ಕೂತಳು. ಮುಗಿದ ಮೇಲೆ, "ಇದೇ" ಅಂದಳು. "ಇದೊಂದೇ ಸಾಕು."

ಇಬ್ಬರೂ ಕೂತು ಬರೆದರು. ತೊಂಬತ್ತು ಸೆಕೆಂಡಿಗೆ ಇಂಗ್ಲಿಷಿನಲ್ಲಿ ಇನ್ನೂರು ಪದ ಮೀರಬಾರದು, ಮೀರಿದರೆ ರೈಲು ಹಿಡಿಯುವವರ ಹಾಗೆ ಓದಬೇಕಾಗುತ್ತೆ ಅಂತ ಮೇಡಂ ಎಚ್ಚರಿಸಿದಳು. ಶುರುವಿನಲ್ಲಿ ಹೆಸರು, ಪದವಿ, ಯಾವ ಹುದ್ದೆ ಅನ್ನೋದು, ಎರಡೇ ವಾಕ್ಯ. ವಯಸ್ಸು, ಮದುವೆ, ಜಾತಿ, ಧರ್ಮ ಯಾವುದೂ ಬೇಡ, ಅವರು ಕೇಳೋದೂ ಇಲ್ಲ. ನಡುವೆ ಕಥೆ: ತೊಂದರೆ ಏನಿತ್ತು, ನೀನು ಏನು ಮಾಡಿದೆ, ಏನಾಯಿತು. ಕೊನೆಗೆ ಭಾಷಾ ಪರೀಕ್ಷೆ ಪಾಸಾಗಿದೆ, ನೋಂದಣಿಗೆ ಅರ್ಜಿ ಹಾಕಿದೆ, ಹೊರಟು ಬರೋಕೆ ಸಿದ್ಧ ಅನ್ನೋದು, ಒಂದು ಥ್ಯಾಂಕ್ಸ್. ಅಷ್ಟೇ. ನಡುವಿನ ತುಂಡು ಹೀಗಿತ್ತು:

'ನನ್ನ ಮೊದಲ ರೋಗಿ ನನ್ನನ್ನು ಸಾಕಿದ ದೊಡ್ಡಮ್ಮ. ಪಾರ್ಶ್ವವಾಯುವಿನಿಂದ ಅವರ ಕೈ ಮುಷ್ಟಿಯಾಗಿ ಮುಚ್ಚಿಕೊಂಡಿತ್ತು. ಮೊದಲು ಏನು ಮಾಡಬೇಕು ಅಂತ ಕೇಳಿದೆ. ನನ್ನ ಮನೆ ಬಾಗಿಲು ನಾನೇ ತೆಗೆಯಬೇಕು ಅಂದರು. ನಾನು ಆ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದೆ. ಒಂದು ದಿನ ಅವರು ಬೀಗ ತೆಗೆದರು. ಗುರಿ ಯಾವುದು ಅಂತ ಹೇಳಬೇಕಾದವಳು ನಾನಲ್ಲ, ರೋಗಿ ಅಂತ ನಾನು ಅವತ್ತು ಕಲಿತೆ.'

ಏಜೆನ್ಸಿಯ ಹಿಂದಿನ ಕೋಣೆಯಲ್ಲಿ ಶೂಟಿಂಗ್, ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಬೂದು ಬಣ್ಣದ ಪರದೆ, ಎರಡು ದೀಪ, ಕ್ಯಾಮೆರಾದ ಮುಂದೆ ಅಕ್ಷರ ಮೇಲಕ್ಕೆ ಸರಿಯುವ ಗಾಜು. "ಅಕ್ಷರದ ಹಿಂದೆ ಲೆನ್ಸ್ ಇದೆ, ಅದನ್ನ ನೋಡಿ. ಓದ್ತಾ ಇದೀರಿ ಅಂತ ಕಣ್ಣು ಹೇಳ್ಬಾರದು" ಅಂದ ಕ್ಯಾಮೆರಾದವನು. ಜಿರಾಫೆಯದು ಮೊದಲ ಸರದಿಯಲ್ಲೇ ಮುಗಿಯಿತು. ಪಿಟೀಲು ಹಾಕಿಕೊಂಡು ಹೋಗಿದ್ದು ಸಣ್ಣ ಗೆರೆಯ ಅಂಗಿ. ತೆರೆಯ ಮೇಲೆ ನೋಡಿದರೆ ಆ ಗೆರೆಗಳೆಲ್ಲ ಹುಳುಗಳ ಹಾಗೆ ಹರಿದಾಡುತ್ತಿದ್ದವು. "ಕ್ಯಾಮೆರಾಗೆ ಗೆರೆ ಆಗ್ಬರಲ್ಲ ಮೇಡಂ, ಬರೀ ಬಣ್ಣದ ಅಂಗಿ ಹಾಕ್ಕೊಂಡು ಇನ್ನೊಂದಿನ ಬನ್ನಿ" ಅಂದ. ಅಷ್ಟೇ ವಿಷಯ. ಜಿರಾಫೆಯ ವಿಡಿಯೋ ಮೊದಲ ಕಂತಿನಲ್ಲಿ ಹೋಯಿತು, ಪಿಟೀಲಿನದು ಮುಂದಿನ ಕಂತಿನಲ್ಲಿ.

ಆಮೇಲೆ ಕಾಯುವ ಕೆಲಸ. ಅದೂ ಒಂದು ಕೆಲಸವೇ, ಅದಕ್ಕೆ ಸಂಬಳ ಇಲ್ಲ ಅಷ್ಟೆ. ನೋಂದಣಿಗೆ ಕಾಲೇಜಿನ ಕಾಗದ, ಅದಕ್ಕೆ ಸಹಿ, ಸಹಿ ಹಾಕುವವರು ರಜೆ. ಬೇರೆ ಬೇರೆ ಸಂಸ್ಥೆಗಳಿಗೆ ಬೇರೆ ಬೇರೆ ಅರ್ಜಿ. ಸಂಜೆಯ ಹೊತ್ತು ಪಿಟೀಲು ಲ್ಯಾಪ್‌ಟಾಪಿಗೆ ಅಂಟಿಕೊಂಡಿರುತ್ತಿದ್ದಳು. "ಇವತ್ತೊಂದಿನ ಬಿಟ್ಬಿಡೋಣ ದೊಡ್ಡಮ್ಮ, ನಾಳೆ ಕೈ ವ್ಯಾಯಾಮ ಮಾಡ್ಸ್ತೀನಿ" ಅನ್ನುತ್ತಿದ್ದಳು. "ನಿನ್ನ ಕೆಲಸ ನೋಡ್ಕೋ ಹೋಗು, ನನ್ನ ಕೈ ಎಲ್ಲಿಗೂ ಓಡಿಹೋಗಲ್ಲ" ಅನ್ನುತ್ತಿದ್ದಳು ದೊಡ್ಡಮ್ಮ. ನಾಳೆ ಅನ್ನೋದು ಹಾಗೇ ಉದ್ದವಾಗುತ್ತಾ ಹೋಯಿತು.

ಕೊನೆಗೆ ಆ ಪುನಶ್ಚೇತನ ಸಂಸ್ಥೆಯಿಂದ ಮೇಲ್ ಬಂತು. ಪಿಟೀಲು ನಿಂತುಕೊಂಡೇ ಓದಿದಳು, ಆಮೇಲೆ ಕೂತುಕೊಂಡು ಇನ್ನೊಮ್ಮೆ ಓದಿದಳು. ನಿಮ್ಮ ವಿಡಿಯೋದಲ್ಲಿ ಹೇಳಿರುವ ಖಾಸಗಿ ಅನುಭವ, ಇದೇ ಏಜೆನ್ಸಿಯ ಮೂಲಕ ಬಂದ ಹಲವು ಅರ್ಜಿದಾರರ ವಿಡಿಯೋಗಳಲ್ಲೂ ಬಹುಮಟ್ಟಿಗೆ ಇದೇ ಮಾತುಗಳಲ್ಲಿ ಇದೆ. ಮೊದಲು ಬಂದ ವಿಡಿಯೋ ಒಂದನ್ನು ಬಿಟ್ಟು ಉಳಿದವನ್ನು ನಾವು ಪರಿಗಣಿಸುತ್ತಿಲ್ಲ. ಪ್ರಾಮಾಣಿಕತೆ ನಮ್ಮ ಕೆಲಸದ ತಳಹದಿ. ಶುಭವಾಗಲಿ.

ಪಿಟೀಲು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಸೀದಾ ಏಜೆನ್ಸಿಗೆ ಓಡಿದಳು.

ಮ್ಯಾನೇಜರ್ ಮೇಲ್ ಓದಿ, ಫೋನನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ. ಒರಟು ಮನುಷ್ಯನೇನಲ್ಲ. ನೀರು ಕೊಡಿಸಿದ.

"ನೋಡಮ್ಮಾ, ಒಳ್ಳೆ ಮಾದರಿ ಸಿಕ್ಕಿದ್ರೆ ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಕೊಡ್ತೀವಿ. ಶುರುವಿನ ಎರಡು ವಾಕ್ಯ ಎಲ್ಲರದೂ ಒಂದೇ ಇರುತ್ತಲ್ಲ? ಹಾಗೇ ಇದೂ."

"ಅದು ಮಾದರಿ ಅಲ್ಲ ಸಾರ್. ಅದು ನಮ್ಮ ದೊಡ್ಡಮ್ಮ."

"ನಾವು ಹೇಳಿದ್ವಿ, ಅವರವರ ಮನೆಗೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ ಅಂತ. ಕೆಲವರು ಅಜ್ಜಿ ಮಾಡ್ಕೊಂಡ್ರು, ಒಬ್ಬ ಮಾವ ಮಾಡ್ಕೊಂಡ. ಇನ್ನು ಕೆಲವರು ಸೋಮಾರಿಗಳು, ದೊಡ್ಡಮ್ಮ ಅಂತಲೇ ಬಿಟ್ಬಿಟ್ರು." ಅವನಿಗೇ ಅದು ತಮಾಷೆಯಾಗಿ ಕೇಳಿಸಿತೇನೋ, ನಗು ಬರುವಷ್ಟರಲ್ಲಿ ತಡೆದುಕೊಂಡ. "ಬೇಜಾರಾಗ್ಬೇಡ. ಇನ್ನೊಂದು ಕಥೆ ಬರೆಸ್ಕೋ. ಮೇಡಂಗೆ ಹೇಳ್ತೀನಿ."

"ಇನ್ನೊಂದು ನನ್ನ ಹತ್ರ ಇಲ್ಲ" ಅಂದಳು ಪಿಟೀಲು. ಬಾಯಿಂದ ಬಂದ ಮೇಲೆ, ಅದು ಎಷ್ಟು ನಿಜ ಅಂತ ಅವಳಿಗೆ ಗೊತ್ತಾಯಿತು.

ಸ್ಕ್ರಿಪ್ಟ್ ಮೇಡಂ ಅವಳ ಹಿಂದೆಯೇ ಮೆಟ್ಟಿಲವರೆಗೆ ಬಂದಳು. ಸುದ್ದಿ ಓದುವ ಆ ದನಿ ಹೊರಡಲಿಲ್ಲ. "ನಂಗೂ ಹೊಟ್ಟೆಪಾಡು ಮಗಳೇ" ಅಂದಳು, ಅಷ್ಟೇ. ಪಿಟೀಲು ತಲೆಯಾಡಿಸಿ ಇಳಿದು ಹೋದಳು. ಮೊದಲು ಬಂದ ವಿಡಿಯೋ ಯಾರದು ಅಂತ ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಮಾರನೆಯ ದಿನ ಜಿರಾಫೆಯೇ ಮನೆಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲ ಹೊರಗೇ ನಿಂತಳು.

"ನಂಗೆ ಸಂದರ್ಶನಕ್ಕೆ ಕರೆದಿದಾರೆ ಕಣೇ. ಆ ಕಥೆ... ಅದು ನಿಂದು ಅಂತ ನಂಗೆ ಗೊತ್ತಿರ್ಲಿಲ್ಲ. ಏಜೆನ್ಸಿಯವರು ಕೊಟ್ರು, ನಾನು ಹೇಳ್ದೆ."

"ದೊಡ್ಡಮ್ಮ ಬೀಗ ತೆಗೆದ ದಿನ ನಿಂಗೆ ಫೋನ್ ಮಾಡಿದ್ನಲ್ಲೇ."

ಜಿರಾಫೆ ತಲೆ ತಗ್ಗಿಸಿದಳು. ಆ ಎತ್ತರದಿಂದ ತಲೆ ತಗ್ಗಿಸಿದರೆ ಇಡೀ ಮನುಷ್ಯಳೇ ಕುಸಿದ ಹಾಗೆ ಕಾಣುತ್ತಿತ್ತು. "ಕ್ಯಾಮೆರಾ ಮುಂದೆ ನಿಂತಾಗ ನೆನಪಾಯ್ತು. ಅಷ್ಟೊತ್ತಿಗೆ ಅಕ್ಷರ ಮೇಲೆ ಹೋಗ್ತಾ ಇತ್ತು, ಓದ್ಬಿಟ್ಟೆ. ಈಗ ಹೋಗಿ ಹೇಳಿದ್ರೆ ನಂದೂ ಹೋಗುತ್ತೆ, ನಿಂದೇನೂ ವಾಪಸ್ ಬರಲ್ಲ. ನೀನೇ ಹೇಳು, ಏನ್ಮಾಡ್ಲಿ?"

ಏನು ಹೇಳುತ್ತಾಳೆ? ಗೆಳತಿ ಹೇಳಿದ್ದೂ ಸುಳ್ಳಲ್ಲ. ಜಿರಾಫೆಯ ಮನೆಯಲ್ಲಿ ಅವಳ ಹಿಂದೆ ಇನ್ನೂ ಮೂವರು ತಂಗಿಯರಿದ್ದರು. ಪಿಟೀಲು "ಹೋಗಿ ಬಾ" ಅಂದಳು. ಆ ಮಾತನ್ನು ಅಂದದ್ದು ಒಳ್ಳೆಯತನದಿಂದಲೋ ಸುಸ್ತಾಗಿಯೋ ಅವಳಿಗೇ ತಿಳಿಯಲಿಲ್ಲ.

ಆದರೂ ಸುಮ್ಮನೆ ಬಿಡಲಿಲ್ಲ. ಆ ಸಂಸ್ಥೆಯ ಆಯ್ಕೆ ಅಧಿಕಾರಿಗೆ ನೇರವಾಗಿ ಬರೆದಳು: ಆ ಕಥೆ ನಾನು ಬದುಕಿದ್ದು, ಬೇರೆಯವರು ಹೇಳಿದ್ದಕ್ಕೆ ನಾನು ಹೊಣೆಯಲ್ಲ. ಉತ್ತರ ಬರುತ್ತೆ ಅಂತ ಎಣಿಸಿರಲಿಲ್ಲ. ಬಂತು. ಆ ಕಡೆ ಕೂತಿದ್ದವಳು ಯಾರೋ ಮನುಷ್ಯಳೇ ಇರಬೇಕು. ಇದನ್ನು ತೀರ್ಮಾನಿಸಲು ನನಗೆ ದಾರಿ ಇಲ್ಲ, ಆದರೆ ಈ ಆಯ್ಕೆಯ ಸುತ್ತು ಮುಗಿಯುವುದರೊಳಗೆ ಏಜೆನ್ಸಿಯ ನೆರವಿಲ್ಲದೆ ನೀವೇ ತೆಗೆದ ಹೊಸ ವಿಡಿಯೋ ಕಳಿಸಿದರೆ ನೋಡುತ್ತೇನೆ, ಬೇರೆ ಯಾರನ್ನಾದರೂ ತೋರಿಸುವುದಾದರೆ ಅವರ ಒಪ್ಪಿಗೆ ಪಡೆದಿರಿ, ಅಂತ ಬರೆದಿದ್ದಳು.

ಅಲ್ಲಿಯವರೆಗೆ ಪಿಟೀಲು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಈಗ ಎಲ್ಲ ಹೇಳಿದಳು. ದೊಡ್ಡಮ್ಮ ಬೆಂಕಿಯಾಗುತ್ತಾಳೆ ಅಂದುಕೊಂಡರೆ ಅವಳು ಬಿದ್ದು ಬಿದ್ದು ನಕ್ಕಳು.

"ಅಷ್ಟೊಂದು ಜನಕ್ಕೆ ನಾನು ದೊಡ್ಡಮ್ಮನಾ? ಒಬ್ಬಳನ್ನ ಸಾಕೋದ್ರಲ್ಲೇ ನನ್ನ ಹೆಣ ಬಿದ್ದುಹೋಗಿತ್ತು!"

"ದೊಡ್ಡಮ್ಮ, ನಿನ್ನ ಕೈ ಬೀಗ ತೆಗೆಯೋದನ್ನ ತೋರಿಸ್ತೀನಿ. ಮುಖ ಬೇಡ, ಕೈ ಸಾಕು. ಅದನ್ನ ಯಾರೂ ಕದಿಯೋಕಾಗಲ್ಲ. ಒಪ್ಪಿಗೆ ಇದೆ ತಾನೆ?"

ದೊಡ್ಡಮ್ಮನ ನಗು ತಟ್ಟನೆ ನಿಂತಿತು. "ಈಗಲೇನಾ?" ಅಂದಳು. "ಇನ್ನೊಂದಿನ ಮಾಡೋಣ. ಇವತ್ತು ಯಾಕೋ ಮೈ ಸರಿ ಇಲ್ಲ." ಮಾರನೆಯ ದಿನ ಸೊಂಟ ನೋವು ಅಂದಳು. ಅದರ ಮಾರನೆಯ ದಿನ, ಬೆಳಕು ಸರಿಯಿಲ್ಲ ಅಂದಳು, ಕ್ಯಾಮೆರಾದವನ ಹಾಗೆ. ಸುತ್ತು ಮುಗಿಯುತ್ತಾ ಬಂದಿತ್ತು. ಪಿಟೀಲಿಗೆ ತಾಳ್ಮೆ ತಪ್ಪಿತು. ಬೆಳಗಿನ ಬಿಸಿಲು ಬಾಗಿಲ ಮೇಲೆ ಚೆನ್ನಾಗಿ ಬೀಳುವ ಹೊತ್ತಿಗೆ, ಹೊರಗಿನ ಸ್ಟೂಲಿನ ಮೇಲೆ ಪುಸ್ತಕ ಪೇರಿಸಿ, ಅದರ ಮೇಲೆ ಫೋನು ಅಡ್ಡಡ್ಡ ನಿಲ್ಲಿಸಿ, ದೊಡ್ಡಮ್ಮನ ಕೈ ಹಿಡಿದು ಹೊರಗೆ ಕರೆತಂದಳು. ಬೀಗದ ಕೈ ಕೊಟ್ಟಳು.

ದೊಡ್ಡಮ್ಮ ಬಲಗೈಯಲ್ಲಿ ಹಿಡಿಕೆ ಹಿಡಿದು ಎಳೆದುಕೊಂಡಳು. ಎಡಗೈ ಎತ್ತಿದಳು. ಮುಷ್ಟಿ ಬಿಚ್ಚಲಿಲ್ಲ. ಬೀಗದ ಕೈಯನ್ನು ಬೆರಳುಗಳ ಸಂದಿಯಲ್ಲಿ ತುರುಕಿಕೊಂಡು ಕಿಂಡಿಯ ಹತ್ತಿರ ಒಯ್ದಳು. ಅದು ಕಿಂಡಿಯ ಸುತ್ತ ತಡಕಾಡಿ ಮರಕ್ಕೆ ಗೀಚಿ ಕೆಳಗೆ ಬಿತ್ತು. ಪಿಟೀಲು ಎತ್ತಿಕೊಟ್ಟಳು. ಮತ್ತೆ ಬಿತ್ತು.

ಪಿಟೀಲು ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಮಣಿಕಟ್ಟು ಒಳಕ್ಕೆ ಬಾಗಿತ್ತು. ಹೆಬ್ಬೆರಳನ್ನು ಬುಡದಿಂದ ಹಿಡಿದು ಹೊರಗೆ ತರಲು ನೋಡಿದಳು. ಮೊದಲಿನ ಹಾಗೆ ಮೆಲ್ಲಗೆ ಸಡಿಲವಾಗಲಿಲ್ಲ. ಅರ್ಧಕ್ಕೆ ಬಂದು ಗಟ್ಟಿಯಾಗಿ ನಿಂತುಬಿಟ್ಟಿತು. ಅಂಗೈಯ ಮಡಿಕೆಯಲ್ಲಿ ಉಗುರು ಒತ್ತಿದ ಗುರುತು ಇತ್ತು. ಅವಳು ಏನು ಓದಿದ್ದಳೋ ಅದೆಲ್ಲ ಆ ಒಂದು ಅಂಗೈಯಲ್ಲಿ ಬರೆದಿಟ್ಟ ಹಾಗಿತ್ತು: ಅಭ್ಯಾಸ ನಿಂತರೆ ಬಿಗಿತ ಹಿಂದಿರುಗುತ್ತದೆ, ಬಿಗಿತ ಹಾಗೇ ಉಳಿದರೆ ಸ್ನಾಯು ಗಿಡ್ಡವಾಗುತ್ತದೆ.

"ಯಾವಾಗಿಂದ?"

"ಆಯ್ತು ಕೆಲವು ತಿಂಗಳು."

"ಮತ್ತೆ ಬಾಗಿಲು?"

"ಬಾಗಿಲಿಗೇನು? ನಾನು ಆಚೆ ಹೋದ್ರೆ ತಾನೆ ಬೀಗ. ಹೋಗೋದನ್ನೇ ಬಿಟ್ಟಿದ್ದೆ. ಒಂದೆರಡು ಸಲ ಹೋದಾಗ ಮೇಲಿನ ಡ್ರೈವರ್ ತೆಗೆದುಕೊಟ್ಟ."

"ಹೇಳ್ಬೇಕು ತಾನೆ ನಂಗೆ!"

"ಹೇಳಿದ್ರೆ ನೀನು ಅರ್ಜಿ ಬಿಟ್ಟು ನನ್ನ ಕೈ ಹಿಡ್ಕೊಂಡು ಕೂತಿರ್ತಿದ್ದೆ."

ಕೂತಿರುತ್ತಿದ್ದಳಾ? ಪಿಟೀಲಿಗೇ ಖಾತ್ರಿ ಇರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು, ಎದುರಿಗೆ ಕೂತು ಊಟ ಮಾಡಿಕೊಂಡು, ಆ ಕೈಯನ್ನು ಅವಳು ನೋಡಿಯೇ ಇರಲಿಲ್ಲ. ತೆರೆಯ ಮೇಲೆ ಅದೇ ಕೈಯ ಕಥೆಯನ್ನು ಎಷ್ಟು ಸಲ ಹಾಕಿ ನೋಡಿದ್ದಳೋ.

ದೊಡ್ಡಮ್ಮ ಸುಮ್ಮನಿರುವ ಪೈಕಿ ಅಲ್ಲ. ಫೋನಿನ ಕಡೆ ಕಣ್ಣು ಹಾಯಿಸಿ, "ಅದರಲ್ಲಿ ನಮ್ಮನ್ನೇ ನೋಡ್ಕೋತೀವಲ್ಲ, ಆಗ ಎಡ ಬಲ ಅದಲು ಬದಲಾಗುತ್ತೆ ಅಲ್ವಾ?" ಅಂದಳು.

"ಮುಂದಿನ ಕ್ಯಾಮೆರಾದಲ್ಲಿ ಬೇಕಾದ್ರೆ ಹಾಗೇ ಉಳಿಸಬಹುದು. ಯಾಕೆ?"

"ಹಾಗಾದ್ರೆ ಬಲಗೈಲಿ ತೆಗೀತೀನಿ. ನೀನು ಮರೆಯಲ್ಲಿ ನಿಂತು ಬಾಗಿಲು ಎಳ್ಕೋ. ಅವರಿಗೆ ಎಡಗೈ ಅಂತ ಕಾಣುತ್ತೆ. ಬರೀ ಕೈ ತಾನೆ, ಅದಕ್ಕೇನು ಹೆಸರು ಬರೆದಿದೆಯಾ?"

ಪಿಟೀಲು ಬೇಡ ಅನ್ನಲಿಲ್ಲ. ಆ ಹೊತ್ತಿನಲ್ಲಿ ಅವಳು ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಫೋನು ತಿರುಗಿಸಿದಳು, ಗೋಡೆಗೆ ಒರಗಿ ನಿಂತು ಹಿಡಿಕೆ ಎಳೆದುಕೊಂಡಳು. ದೊಡ್ಡಮ್ಮ ಬಲಗೈಯನ್ನು ಬೇಕೆಂದೇ ಸ್ವಲ್ಪ ನಡುಗಿಸುತ್ತಾ, ನಿಧಾನವಾಗಿ, ಕಿಂಡಿಗೆ ಹಾಕಿ ತಿರುಗಿಸಿದಳು. ಒಂದೇ ಸಲಕ್ಕೆ ಆಯಿತು. ಒಳಗೆ ಕೂತು ಇಬ್ಬರೂ ನೋಡಿದರು. ತೆರೆಯ ಮೇಲೆ ಒಂದು ಎಡಗೈ, ವಯಸ್ಸಾದದ್ದು, ಕಷ್ಟಪಟ್ಟು, ಗೆದ್ದು, ಬೀಗ ತೆಗೆಯುತ್ತಿತ್ತು. ನಿಜವಾಗಿ ತೆಗೆದ ದಿನ ಕೂಡ ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

"ಕಳಿಸು" ಅಂದಳು ದೊಡ್ಡಮ್ಮ.

ಪಿಟೀಲು ಇನ್ನೊಮ್ಮೆ ನೋಡಿದಳು. ಏಜೆನ್ಸಿಯವರು ತನ್ನ ಕಥೆಯನ್ನು ಸುಳ್ಳು ಮಾಡಿದ್ದರು ಅಂತ ಅವಳು ಎಷ್ಟು ಉರಿದುಬಿದ್ದಿದ್ದಳು. ಈಗ ಆ ಕೆಲಸ ಮನೆಯಲ್ಲೇ ಮುಗಿದಿತ್ತು, ಅದೂ ಅವರಿಗಿಂತ ಅಚ್ಚುಕಟ್ಟಾಗಿ. ಅವಳು ಅದನ್ನು ಅಳಿಸಿದಳು. ದೊಡ್ಡಮ್ಮ "ಮುಟ್ಠಾಳಿ" ಅಂದು ಮುಖ ತಿರುಗಿಸಿ ಕೂತಳು.

ಹೊಸ ಸ್ಕ್ರಿಪ್ಟನ್ನು ಅವಳು ಒಬ್ಬಳೇ ಬರೆದಳು. ಶುರು, ಕೊನೆ ಎರಡೂ ಮೊದಲಿನಂತೆಯೇ. ನಡುವೆ ಮಾತ್ರ ಬೇರೆ.

'ನನ್ನ ಮೊದಲ ರೋಗಿ ತನ್ನ ಬಾಗಿಲನ್ನು ತಾನೇ ತೆಗೆಯುವಷ್ಟಕ್ಕೆ ಬಂದಿದ್ದರು. ಆಮೇಲೆ ನಾನು ಕೆಲಸ ಹುಡುಕುವುದರಲ್ಲಿ ಮುಳುಗಿದೆ, ಅಭ್ಯಾಸ ನಿಂತಿತು. ಈಗ ಅವರಿಗೆ ಅದು ಆಗುವುದಿಲ್ಲ. ನಾನು ಮತ್ತೆ ಶುರು ಮಾಡಿದ್ದೇನೆ, ಹಿಂದಿರುಗುತ್ತದೆ ಅಂತ ಹೇಳಲಾರೆ. ಗುಣವಾದದ್ದು ಗುಣವಾಗಿಯೇ ಉಳಿಯುವ ಹಾಗೆ ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗ ಅಂತ ತಡವಾಗಿ ಕಲಿತೆ.'

ಕಿಟಕಿಗೆ ಮುಖ ಮಾಡಿ ಕೂತು, ಅಕ್ಷರ ಸರಿಯುವ ಗಾಜಿಲ್ಲದೆ ಹೇಳಿದಳು. ಎರಡು ಕಡೆ ತಡವರಿಸಿದಳು. ಕಳಿಸಿದಳು.

ಉತ್ತರ ಸುತ್ತು ಮುಗಿದ ಮೇಲೆ ಬಂತು. ನಿಮ್ಮ ಪ್ರಾಮಾಣಿಕತೆಯನ್ನು ಮೆಚ್ಚಿದ್ದೇವೆ, ಆದರೆ ಫಲಿತಾಂಶವನ್ನು ಸ್ಪಷ್ಟವಾಗಿ ತೋರಿಸಿದ ಅಭ್ಯರ್ಥಿಗಳು ನಮ್ಮ ಅಗತ್ಯಕ್ಕೆ ಹೆಚ್ಚು ಹತ್ತಿರವಿದ್ದರು. ಹುದ್ದೆಗಳು ಭರ್ತಿಯಾಗಿವೆ. ಈ ಸಲ ಅದು ಆ ಮನುಷ್ಯಳ ಮಾತಾಗಿರಲಿಲ್ಲ, ಎಲ್ಲರಿಗೂ ಹೋಗುವ ಮಾತಿನ ಮೇಲೆ ಒಂದು ವಾಕ್ಯ ಹೆಚ್ಚಾಗಿ ಕೂರಿಸಿದ ಹಾಗಿತ್ತು. ಬೇರೆ ಸಂಸ್ಥೆಗಳಿಗೂ ಅದೇ ವಿಡಿಯೋ ಹೋಯಿತು. ಹೆಚ್ಚಿನವರು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಸಂದರ್ಶನದವರೆಗೆ ಕರೆದವನೊಬ್ಬ, "ಇದನ್ನ ಯಾರು ಬರೆಯೋಕೆ ಹೇಳಿದ್ರು ನಿಮಗೆ?" ಅಂತ ಕನಿಕರದಿಂದ ಕೇಳಿದ.

ಜಿರಾಫೆ ಹೊರದೇಶಕ್ಕೆ ಹೋದಳು. ಪಿಟೀಲು ಬಸ್ ನಿಲ್ದಾಣದ ಹತ್ತಿರದ ಒಂದು ಕ್ಲಿನಿಕ್ಕಿಗೆ ಸೇರಿದಳು. ಅಲ್ಲಿ ರೋಗಿಗಳು ಸಾಲಾಗಿ ಮಲಗಿರುತ್ತಿದ್ದರು. ಇವಳ ಕೆಲಸ ಬೆನ್ನಿಗೋ ಮಂಡಿಗೋ ಪ್ಯಾಡ್ ಅಂಟಿಸಿ, ಯಂತ್ರದ ಗುಂಡಿ ಒತ್ತಿ, ಅದು ಕೂಗಿದಾಗ ಬಿಚ್ಚೋದು. ಯಾರನ್ನಾದರೂ "ನಿಮಗೆ ಮೊದಲು ಏನು ಮಾಡೋ ಹಾಗಾಗ್ಬೇಕು?" ಅಂತ ಕೇಳಲು ಹೋದರೆ ಡಾಕ್ಟರು ಗಡಿಯಾರ ನೋಡುತ್ತಿದ್ದರು. ಕೆಲ ದಿನ ಕೇಳಿದಳು, ಆಮೇಲೆ ಬಿಟ್ಟಳು.

ಸಂಜೆ ಮನೆಗೆ ಬಂದು ದೊಡ್ಡಮ್ಮನ ಕೈಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಬೆರಳು ಬಿಡಿಸುತ್ತಿದ್ದಳು. ಈಗ ಒಂದು ದಿನವೂ ತಪ್ಪಿಸಲಿಲ್ಲ. ನೀರಲ್ಲಿ ಕೈ ಸ್ವಲ್ಪ ಬಿಚ್ಚಿಕೊಳ್ಳುತ್ತಿತ್ತು, ನೀರು ಆರುತ್ತಿದ್ದಂತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ರಾತ್ರಿಗೆ ಪಟ್ಟಿ ಕಟ್ಟಿ ಮಲಗಿಸಿದರೂ ಅಷ್ಟೇ. ಹೆಬ್ಬೆರಳು ಅರ್ಧಕ್ಕಿಂತ ಮುಂದೆ ಬರಲಿಲ್ಲ. ಇನ್ನು ಬರುವುದಿಲ್ಲ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಸಂಜೆ ಜಿರಾಫೆಯಿಂದ ದನಿ ಸಂದೇಶ ಬಂತು. ಪಿಟೀಲಿನ ಕೈ ನೀರಲ್ಲಿತ್ತು, ಮೊಣಕೈಯಿಂದ ಫೋನು ಒತ್ತಿದಳು. ದನಿ ಜೋರಾಗಿ ಕೋಣೆಯಲ್ಲೆಲ್ಲ ಕೇಳಿಸಿತು.

"ಪಿಟೀಲೂ, ಹೇಗಿದೀಯೇ? ಬೈಕೋಬೇಡ, ಒಂದು ಕೇಳ್ಲಾ? ಇಲ್ಲಿ ಒಬ್ಬರು ಅಜ್ಜ ಇದಾರೆ, ಎಡಗೈ ಹೋಗಿದೆ. ನನ್ನ ಮೇಲಿನವರು, ನೀನೇ ತಾನೆ ಆ ಬೀಗದ ಹುಡುಗಿ, ಇವರಿಗೂ ಹಾಗೇ ಮಾಡ್ಸು ಅಂತಿದಾರೆ. ನಂಗೆ ಶುರು ಎಲ್ಲಿಂದ ಅಂತಲೇ ಗೊತ್ತಿಲ್ಲ ಕಣೇ. ಸ್ಕ್ರಿಪ್ಟಲ್ಲಿ ಸಣ್ಣ ಸಣ್ಣ ಹೆಜ್ಜೆ ಅಂತ ಮಾತ್ರ ಇತ್ತು. ಆ ಹೆಜ್ಜೆ ಯಾವ್ಯಾವುದು? ಸ್ವಲ್ಪ ಹೇಳ್ತೀಯಾ?"

ಸಂದೇಶ ಮುಗಿಯಿತು. ನೀರು ಅಲುಗಾಡುತ್ತಿತ್ತು. ಪಿಟೀಲು ದೊಡ್ಡಮ್ಮನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ದೊಡ್ಡಮ್ಮ ಅವಳ ಮುಖವನ್ನು ನೋಡಲಿಲ್ಲ, ಗೋಡೆ ನೋಡುತ್ತಾ ಕೂತಿದ್ದಳು.

"ಆ ಉದ್ದದವಳಿಗೆ ಒಂದು ಹಸಿ ಸುಳ್ಳು ಹೇಳಿ ಕಳಿಸೋಣ ಅನ್ಸುತ್ತೆ" ಅಂದಳು ದೊಡ್ಡಮ್ಮ. ಆಮೇಲೆ ತಾನೇ, "ಆ ಅಜ್ಜನದೇನು ತಪ್ಪು" ಅಂದಳು.

ಪಿಟೀಲು ಕೈ ಒರೆಸಿಕೊಂಡು ಫೋನು ಎತ್ತಿಕೊಂಡಳು. ಮಾತಾಡುವ ಬದಲು ಬರೆಯಲು ಶುರು ಮಾಡಿದಳು. ಮೊದಲು ಹೆಬ್ಬೆರಳು, ತುದಿ ಹಿಡಿದು ಎಳೆಯಬೇಡ, ಬುಡ ಹಿಡಿ. ಆಮೇಲೆ ಬಟ್ಟೆ ಕ್ಲಿಪ್ಪು. ದೊಡ್ಡಮ್ಮ ಪಕ್ಕದಿಂದ ಬಗ್ಗಿ ಓದುತ್ತಾ, "ನೋವಾದ್ರೆ ಅಜ್ಜ ಬೈತಾನೆ, ಬೈಯೋಕೆ ಬಿಡು ಅಂತ ಬರಿ" ಅಂದಳು. ಅದನ್ನೂ ಬರೆದಳು. ಎಲ್ಲಾ ಬರೆದು, ಕೊನೆಗೆ, ಅವರಿಗೆ ಕೈ ಬಂದ ಮೇಲೂ ನಿಲ್ಲಿಸಬೇಡ, ಒಂದು ದಿನವೂ, ಅಂತ ಸೇರಿಸಿ ಕಳಿಸಿದಳು. ಆಮೇಲೆ ಆರಿದ ನೀರನ್ನು ಚೆಲ್ಲಿ, ಬೇರೆ ಬಿಸಿನೀರು ತರಲು ಒಳಗೆ ಹೋದಳು.